ತೇಪೆಯ ಕೊಡೆ: 14 ಚಿತ್ರಗಳಲ್ಲಿ ಒಂದು ಮಕ್ಕಳ ಕಥೆಯ ವಿಡಿಯೊ

ಕಥೆ ಇಷ್ಟೇ. ಮಲೆನಾಡಿನ ಒಂದು ಊರು, ಬಿಡದೆ ಸುರಿಯುವ ಆಷಾಢದ ಮಳೆ. ಏಳು ವರ್ಷದ ಪುಟ್ಟಿ ಅಜ್ಜಿಯ ಹಳೇ ಕರಿ ಕೊಡೆ ಹಿಡಿದು, ಅಡಿಕೆ ತೋಟದೊಳಗಿಂದ ನಡೆದು, ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಾಳೆ. ಕೊಡೆಗೆ ತೂತು ಬಿದ್ದ ಕಡೆ ಅಜ್ಜಿ ತನ್ನ ಹಳದಿ ಸೀರೆಯ ಚೂರು ಇಟ್ಟು ತೇಪೆ ಹೊಲಿದಿದ್ದಾಳೆ. ಆ ತೇಪೆ ಅಂದರೆ ಪುಟ್ಟಿಗೆ ನಾಚಿಕೆ. ಸಂಜೆ ಶಾಲೆ ಬಿಡುವ ಹೊತ್ತಿಗೆ ಕರೆಂಟು ಹೋಗಿದೆ, ಜಗಲಿಯ ಮೂಲೆಯಲ್ಲಿ ಒಂದೇ ಥರದ ಕರಿ ಕೊಡೆಗಳ ರಾಶಿ. ಯಾವುದು ಯಾರದೆಂದು ಮಕ್ಕಳು ಕಿತ್ತಾಡುತ್ತಿರುವಾಗ ಪುಟ್ಟಿ ತನ್ನದನ್ನು ಸಲೀಸಾಗಿ ಎತ್ತಿಕೊಂಡು ಮನೆಗೆ ಹೊರಡುತ್ತಾಳೆ.

ಕಥೆಯಲ್ಲಿ ಸುಮಾರು 410 ಪದಗಳಿವೆ. ಕಾಗದದ ಮೇಲೆ ಕೈಯಿಂದ ಬರೆದ 14 ಚಿತ್ರ, ಒಬ್ಬರೇ ಓದಿದ ನಿರೂಪಣೆ, 4 ನಿಮಿಷ 50 ಸೆಕೆಂಡಿನ ವಿಡಿಯೊ. ಪಾತ್ರಗಳು ಕೈಕಾಲು ಆಡಿಸುವುದಿಲ್ಲ, ಬಾಯಿ ತೆರೆಯುವುದಿಲ್ಲ. ಪರದೆಯಲ್ಲಿ ಕಾಣುವ ಭಾಗವನ್ನು ಆಯುವ ಚೌಕಟ್ಟು ಮಾತ್ರ ಚಿತ್ರದ ಮೇಲೆ ಸರಿಯುತ್ತದೆ, ಹತ್ತಿರವಾಗುತ್ತದೆ, ದೂರವಾಗುತ್ತದೆ. ಇಷ್ಟು ಸರಳವಾದ ಕೆಲಸವೂ ಮೊದಲ ಸಲ ಸೋತಿತು. ಯಾಕೆ ಸೋತಿತು, ಎರಡನೇ ಸಲ ಏನು ಬದಲಾಯಿತು ಎನ್ನುವುದೇ ಈ ಅಧ್ಯಯನದ ವಸ್ತು.

ಮೊದಲ ಆವೃತ್ತಿಯಲ್ಲಿ ಏನಾಯಿತು

ಮೊದಲ ಆವೃತ್ತಿಯನ್ನು ಐದರಿಂದ ಎಂಟು ವರ್ಷದ ಕೆಲವು ಮಕ್ಕಳಿಗೆ ಫೋನಿನಲ್ಲಿ ತೋರಿಸಿದಾಗ ಮೂರು ತೊಂದರೆ ಎದ್ದು ಕಂಡವು. ಪುಟ್ಟಿ ಮನೆಗೆ ಮರಳುವ 12ನೇ ಚಿತ್ರ ಬಂದಾಗ ಒಂದು ಮಗು, 'ಅಯ್ಯೋ, ಬೇರೆಯವರ ಕೊಡೆ ತಗೊಂಡ್ಲು' ಅಂದಿತು. ಕೊಡೆ ಸಿಗುವ 9ನೇ ಚಿತ್ರದಲ್ಲಿ, ನಿರೂಪಕಿ ವಾಕ್ಯ ಮುಗಿಸುವ ಮೊದಲೇ ಎಲ್ಲರೂ ತೇಪೆಯತ್ತ ಬೆರಳು ತೋರಿಸಿಬಿಟ್ಟಿದ್ದರು. ಅಡಿಕೆ ತೋಟದ ದೃಶ್ಯದಲ್ಲಂತೂ ಚಿತ್ರ ಸಣ್ಣಗೆ ನಡುಗುತ್ತಿತ್ತು. ಮಕ್ಕಳು ಅದನ್ನು ಹೇಳಲಿಲ್ಲ. ಆದರೆ ಅಲ್ಲಿಯೇ ಕಣ್ಣು ಬೇರೆ ಕಡೆ ಹೊರಳಿತು.

ಮೊದಲನೆಯದು ಚಿತ್ರಕಾರರ ಮೇಜಿನ ಮೇಲೆ ಹುಟ್ಟಿದ ತಪ್ಪು, ಎರಡನೆಯದು ಸಂಕಲನದ್ದು, ಮೂರನೆಯದು ಲೆಕ್ಕದ್ದು.

ಕೊಡೆ ಯಾಕೆ ಬೇರೆಯಾಯಿತು

ಶಾಲೆಗೆ ಹೋಗುವಾಗ ಪುಟ್ಟಿ ಎಡದಿಂದ ಬಲಕ್ಕೆ ನಡೆಯುತ್ತಾಳೆ, ಮರಳುವಾಗ ಬಲದಿಂದ ಎಡಕ್ಕೆ. ಇದು ಸರಿಯಾದ ಕ್ರಮವೇ. ದಿಕ್ಕು ಹೀಗೆ ಒಂದೇ ಸಮ ಉಳಿದರೆ ಚಿಕ್ಕ ಮಕ್ಕಳಿಗೂ 'ಹೋಗುತ್ತಿದ್ದಾಳೆ', 'ಬರುತ್ತಿದ್ದಾಳೆ' ಎಂಬುದು ಹೇಳದೆಯೇ ತಿಳಿಯುತ್ತದೆ. ಆದರೆ ಕೆಲಸ ಉಳಿಸಲೆಂದು 4ನೇ ಚಿತ್ರವನ್ನೇ ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ 12ನೆಯದನ್ನಾಗಿ ಬಳಸಲಾಗಿತ್ತು. ತಿರುಗಿಸಿದ ಕೂಡಲೇ ತೇಪೆ ಕೊಡೆಯ ಇನ್ನೊಂದು ಮಗ್ಗುಲಿಗೆ ಹೋಯಿತು, ಪಾಟಿಚೀಲ ಎಡ ಹೆಗಲಿನಿಂದ ಬಲಕ್ಕೆ ಬಂತು. ಅಜ್ಜಿ ಇರುವ ಚಿತ್ರವನ್ನು ತಿರುಗಿಸಿದ್ದರೆ ಸೆರಗು ಬಲ ಹೆಗಲಿಗೆ, ಮೂಗುಬೊಟ್ಟು ಎಡ ಹೊಳ್ಳೆಗೆ ಹೋಗುತ್ತಿತ್ತು. ಒಂದು ಬದಿಗೆ ಮಾತ್ರ ಗುರುತಿರುವ ಯಾವ ಪಾತ್ರವನ್ನೂ ಕನ್ನಡಿ ತಿರುಗಿಸಬಾರದು. ತಿರುಗಿಸಲೇಬೇಕೆಂದರೆ ಆ ಗುರುತನ್ನು ಅಳಿಸಿ ಮತ್ತೆ ಬರೆಯಬೇಕು.

ಬೇರೆ ಕಥೆಯಲ್ಲಾಗಿದ್ದರೆ ಇಂಥ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗಬಹುದಿತ್ತು. ಇಲ್ಲಿ ಇಡೀ ಕಥೆ ನಿಂತಿರುವುದೇ ತೇಪೆಯ ಮೇಲೆ. ಹಾಗಾಗಿ ಎಲ್ಲವನ್ನೂ ಸಮನಾಗಿ ಕಾಯಲು ಹೋಗದೆ, ಕಥೆಗೆ ಆಧಾರವಾದ ಗುರುತುಗಳನ್ನು ಮೊದಲು ಹುಡುಕಿ ಅವುಗಳನ್ನು ಬಿಗಿಯಾಗಿ ಹಿಡಿಯಬೇಕು.

ಎರಡನೇ ಆವೃತ್ತಿಗೆ ಮುಂಚೆ ಒಂದು ಗುರುತಿನ ಹಾಳೆ ತಯಾರಾಯಿತು. ಅದರಲ್ಲಿ ಪುಟ್ಟಿಯನ್ನು ಎದುರಿನಿಂದ, ಮುಕ್ಕಾಲು ಓರೆಯಿಂದ, ಪಕ್ಕದಿಂದ ಮತ್ತು ಹಿಂದಿನಿಂದ ಬರೆಯಲಾಯಿತು. ಪುಟ್ಟಿಯ ಎತ್ತರ ಅವಳದೇ ತಲೆಯ ಅಳತೆಯಲ್ಲಿ ನಾಲ್ಕು ತಲೆ, ಅಜ್ಜಿ ಐದೂವರೆ ತಲೆ. ಇಬ್ಬರೂ ಪಕ್ಕಪಕ್ಕ ನಿಂತಾಗ ಪುಟ್ಟಿಯ ನೆತ್ತಿ ಅಜ್ಜಿಯ ಮೊಣಕೈಗಿಂತ ತುಸು ಮೇಲೆ ಬರಬೇಕು. ಎರಡು ಜಡೆ, ಕೆಂಪು ಟೇಪು, ಚೀಲ ಎಡ ಹೆಗಲಿಗೆ. ಇಷ್ಟನ್ನು ಚಿತ್ರದ ಜೊತೆ ಮಾತಿನಲ್ಲೂ ಬರೆದಿಡಲಾಯಿತು. ಚಿತ್ರ ನೋಡಿ ಬರೆಯುವ ಕೈ ತನಗರಿವಿಲ್ಲದೆ ಬದಲಾಗುತ್ತದೆ. ಬರೆದಿಟ್ಟ ಮಾತು ಬದಲಾಗುವುದಿಲ್ಲ.

ತೇಪೆಯ ಜಾಗ ಹೇಳುವುದು ಮಾತ್ರ ಸುಲಭವಾಗಿರಲಿಲ್ಲ. ಕೊಡೆ ತಿರುಗುವ ವಸ್ತು, ಅದಕ್ಕೆ ಎಡಬಲವಿಲ್ಲ. ಸಿಕ್ಕ ಉಪಾಯ ಇದು: ಹಿಡಿಯ ಕೊಕ್ಕೆ ಯಾವ ಕಡೆಗೆ ಬಾಗಿದೆಯೋ ಅದೇ ಕಡೆಯ ಬಟ್ಟೆಯ ಪಟ್ಟಿಯಲ್ಲಿ, ಅಂಚಿನಿಂದ ಮೂರನೇ ಒಂದು ಭಾಗ ಮೇಲೆ ತೇಪೆ. ಕೊಕ್ಕೆ ಕಂಡರೆ ತೇಪೆ ಎಲ್ಲಿರಬೇಕು, ಕಾಣಬೇಕೋ ಬೇಡವೋ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ನಿಜವಾದ ಎಂಟು ಕಡ್ಡಿಯ ಕೊಡೆಯೊಂದಕ್ಕೆ ಹಳದಿ ಕಾಗದ ಅಂಟಿಸಿ ಪ್ರತಿ ಚಿತ್ರಕ್ಕೂ ಅದನ್ನೇ ಬೇಕಾದ ಭಂಗಿಯಲ್ಲಿ ಎತ್ತಿ ನೋಡಿ ಬರೆದಾಗ ಗೊಂದಲ ಮುಗಿಯಿತು.

ಬಣ್ಣಕ್ಕೂ ಇಂಥದ್ದೇ ಕಟ್ಟುಪಾಡು ಬೇಕು. ಲಂಗದ ನೀಲಿಯನ್ನು ಪ್ರತಿ ಚಿತ್ರಕ್ಕೂ ಹೊಸದಾಗಿ ಬೆರೆಸಿದರೆ 14 ನೀಲಿಗಳಾಗುತ್ತವೆ. ಎಲ್ಲ ಚಿತ್ರಗಳಿಗೂ ಸಾಲುವಷ್ಟು ಪೋಸ್ಟರ್ ಕಲರನ್ನು ಒಂದೇ ಸಲ ಬೆರೆಸಿ ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ಈ ಸಮಸ್ಯೆ ಹತ್ತಿರವೂ ಸುಳಿಯುವುದಿಲ್ಲ. ಸ್ಕ್ಯಾನ್ ಮಾಡುವಾಗ 'ಆಟೋ ಕಲರ್' ಆಯ್ಕೆಯನ್ನು ಆಫ್ ಮಾಡಿಡಬೇಕು. ಇಲ್ಲವಾದರೆ ಹಸಿರು ತುಂಬಿದ ತೋಟದ ಚಿತ್ರ ಮತ್ತು ಕತ್ತಲೆ ತುಂಬಿದ ಜಗಲಿಯ ಚಿತ್ರದಲ್ಲಿ ಸ್ಕ್ಯಾನರು ಅದೇ ಲಂಗವನ್ನು ಎರಡು ಬಣ್ಣವಾಗಿ ಕೊಡುತ್ತದೆ. ಸಂಜೆಯ ಮಬ್ಬನ್ನು ಬಣ್ಣದಲ್ಲೇ ತರಲು ಹೋಗದೆ ಎಲ್ಲವನ್ನೂ ಹಗಲಿನ ಬಣ್ಣದಲ್ಲಿ ಬರೆದು, ಆಮೇಲೆ ಕಂಪ್ಯೂಟರಿನಲ್ಲಿ ಇಡೀ ಚಿತ್ರದ ಮೇಲೆ ಬೂದುನೀಲಿಯ ಒಂದು ಪದರವನ್ನು, ಕೆಳಗಿನ ಬಣ್ಣವನ್ನು ಗಾಢವಾಗಿಸುವ 'ಮಲ್ಟಿಪ್ಲೈ' ವಿಧಾನದಲ್ಲಿ ಸುಮಾರು 35 ಶೇಕಡಾ ಹಾಸಲಾಯಿತು. ಹೀಗೆ ಮಾಡಿದರೆ ಮೈಬಣ್ಣ, ಲಂಗ, ಟೇಪು ಎಲ್ಲ ಒಟ್ಟಿಗೇ ಮಬ್ಬಾಗುತ್ತವೆ, ಪಾತ್ರ ಬದಲಾಗುವುದಿಲ್ಲ. ತೇಪೆಯ ಜಾಗದಲ್ಲಿ ಮಾತ್ರ ಪದರವನ್ನು ಅರ್ಧ ಒರೆಸಲಾಯಿತು, ಕತ್ತಲಲ್ಲೂ ಹಳದಿ ಕಾಣಲಿ ಎಂದು.

ಪರೀಕ್ಷೆ ಹೇಗೆ? ಚಿತ್ರಗಳನ್ನು ಒಂದೊಂದಾಗಿ ನೋಡಿದರೆ ತಪ್ಪು ಕಾಣುವುದಿಲ್ಲ. ಪ್ರತಿ ಚಿತ್ರದಿಂದ ಪುಟ್ಟಿಯ ಮುಖವನ್ನಷ್ಟೇ ಕತ್ತರಿಸಿ ಒಂದು ಸಾಲಿನಲ್ಲಿ, ಕೊಡೆಯನ್ನಷ್ಟೇ ಕತ್ತರಿಸಿ ಇನ್ನೊಂದು ಸಾಲಿನಲ್ಲಿ ಜೋಡಿಸಬೇಕು. ಹೀಗಿಟ್ಟಾಗ 7ನೇ ಚಿತ್ರದ ಪುಟ್ಟಿಗೆ ಹಣೆ ಅಗಲವಾಗಿದ್ದು, 10ರಲ್ಲಿ ಟೇಪು ಕೇಸರಿಗೆ ತಿರುಗಿದ್ದು ಒಂದು ನೋಟಕ್ಕೇ ಗೊತ್ತಾಯಿತು.

ಕಾಗದದಲ್ಲೇ ಜಾಗ ಬಿಡುವುದು

ಚೌಕಟ್ಟು ಸರಿಯಬೇಕಾದರೆ ಅದಕ್ಕೆ ಸರಿಯಲು ಜಾಗ ಇರಬೇಕು. ಎ4 ಹಾಳೆ ಅಡ್ಡಲಾಗಿ 297 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ವಿಡಿಯೊದ 16:9 ಆಕಾರಕ್ಕೆ ಅದೇ ಅಗಲದಲ್ಲಿ ಸಿಗುವ ಎತ್ತರ 167 ಮಿ.ಮೀ. ಮಾತ್ರ. ಮಿಕ್ಕ 43 ಮಿ.ಮೀ. ಕತ್ತರಿಗೆ ಹೋಗುತ್ತದೆ. ಮೊದಲ ಆವೃತ್ತಿಯಲ್ಲಿ ಇದನ್ನು ಲೆಕ್ಕಿಸದೆ ಹಾಳೆ ತುಂಬ ಬರೆದಿದ್ದರಿಂದ ಅಜ್ಜಿಯ ತುರುಬೂ ಪುಟ್ಟಿಯ ಪಾದಗಳೂ ಹಾರಿಹೋಗಿದ್ದವು. ಎರಡನೇ ಸಲ ಹಾಳೆಯ ಮೇಲೆ ಮೊದಲೇ 297 × 167ರ ಚೌಕ ಪೆನ್ಸಿಲಿನಲ್ಲಿ ಹಾಕಿ, ಮುಖ್ಯವಾದುದೆಲ್ಲ ಅದರೊಳಗೆ ಬಂತು. ಹೊರಗಿನ 43 ಮಿ.ಮೀ. ಕೂಡ ವ್ಯರ್ಥವಲ್ಲ. ಮೋಡದಿಂದ ಕೆಳಗಿಳಿದು ಹಂಚಿನ ಮನೆಗೆ ಬರುವ ಮೊದಲ ದೃಶ್ಯಕ್ಕೆ ಅದೇ ಬಂಡವಾಳವಾಯಿತು.

ಎಷ್ಟು ಹತ್ತಿರ ಹೋಗಬಹುದು ಎನ್ನುವುದನ್ನು ಸ್ಕ್ಯಾನ್ ನಿರ್ಧರಿಸುತ್ತದೆ. ಎ4 ಹಾಳೆಯನ್ನು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 3508 ಚುಕ್ಕಿಗಳು. ವಿಡಿಯೊದ ಅಗಲ 1920. ಅಂದರೆ 1.8 ಪಟ್ಟಿನವರೆಗೆ ಹತ್ತಿರ ಹೋಗಬಹುದು, ಆಮೇಲೆ ಚಿತ್ರ ಮಸುಕಾಗುತ್ತದೆ. 600ಕ್ಕೆ ಮಾಡಿದರೆ 3.6 ಪಟ್ಟು ಸಿಗುತ್ತದೆ ನಿಜ, ಆದರೆ ಅಷ್ಟು ಹತ್ತಿರ ಹೋದರೆ ಕಾಗದದ ತರಿ ಮತ್ತು ಬ್ರಷ್ಷಿನ ಗೆರೆ ಪುಟ್ಟಿಯ ಮುಖಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಇಲ್ಲಿ 600ಕ್ಕೆ ಸ್ಕ್ಯಾನ್ ಮಾಡಿ, 2.2 ಪಟ್ಟಿಗಿಂತ ಹತ್ತಿರ ಹೋಗಬಾರದೆಂದು ಮಿತಿ ಹಾಕಿಕೊಳ್ಳಲಾಯಿತು.

ದನಿ ಮೊದಲು, ಚಲನೆ ಆಮೇಲೆ

ಮೊದಲ ಆವೃತ್ತಿಯಲ್ಲಿ ಪ್ರತಿ ಚಿತ್ರಕ್ಕೂ 20 ಸೆಕೆಂಡು ಎಂದು ಹಂಚಿ, ಅದಕ್ಕೆ ಹೊಂದುವಂತೆ ಓದಲಾಗಿತ್ತು. ಓದುವವರು ಒಂದು ಕಡೆ ಓಡಿ, ಇನ್ನೊಂದು ಕಡೆ ಎಳೆದರು. ಎರಡನೇ ಸಲ ನಿರೂಪಣೆಯನ್ನು ಪೂರ್ತಿ ಓದಿ ಮುಗಿಸಿ, ಆ ದನಿಯ ಮೇಲೆ ಚಿತ್ರಗಳನ್ನು ಜೋಡಿಸಲಾಯಿತು. ವಾಕ್ಯಗಳ ನಡುವೆ ಸುಮಾರು ಅರ್ಧ ಸೆಕೆಂಡು, ಚಿತ್ರ ಬದಲಾಗುವಲ್ಲಿ ಒಂದೂವರೆ ಸೆಕೆಂಡು ಬಿಡುವು. ಹೀಗೆ ಓದಿದಾಗ ನಿಮಿಷಕ್ಕೆ 87 ಪದಗಳಷ್ಟು ಬಂತು. ದೊಡ್ಡವರ ಕಿವಿಗೆ ಇದು ನಿಧಾನ. ಕನ್ನಡದ ಒಂದೊಂದು ಪದಕ್ಕೂ ವಿಭಕ್ತಿ, ಅವ್ಯಯ ಎಲ್ಲ ಅಂಟಿಕೊಂಡಿರುವುದರಿಂದ ಮಗುವಿಗೆ ಇಷ್ಟು ಹೊತ್ತು ಬೇಕು.

ಓದುವಾಗ ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ತುಸು ಓರೆಯಾಗಿ ಇರಬೇಕು. ಇಲ್ಲವಾದರೆ 'ಪುಟ್ಟಿ' ಎನ್ನುವಾಗಲೆಲ್ಲ ಪಕಾರದ ಗಾಳಿ ಮೈಕಿಗೆ ಬಡಿಯುತ್ತದೆ, ಈ ಕಥೆಯಲ್ಲಿ ಅದು ಬೇಕಾದಷ್ಟು ಸಲ ಬರುತ್ತದೆ. ಮಳೆಯ ಕಥೆಯೆಂದು ಮಳೆ ಸುರಿಯುವಾಗಲೇ ರೆಕಾರ್ಡ್ ಮಾಡುವ ಆಸೆ ಸಹಜ, ಆದರೆ ಮಾಡಬಾರದು. ವಾಕ್ಯ ಕತ್ತರಿಸಿ ಜೋಡಿಸುವಲ್ಲೆಲ್ಲ ಮಳೆಯ ಸದ್ದು ಧಡಕ್ಕನೆ ಏರಿಳಿದು, ಜೋಡಣೆ ಬಯಲಾಗುತ್ತದೆ. ದನಿಯನ್ನು ಸದ್ದಿಲ್ಲದ ಕೋಣೆಯಲ್ಲಿ ಹಿಡಿದು, ಮಳೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ ದನಿಗಿಂತ 20 ಡೆಸಿಬಲ್ ಕೆಳಗೆ ಸೇರಿಸಬೇಕು. ಫೋನಿನ ಸಣ್ಣ ಸ್ಪೀಕರಿನಲ್ಲಿ ಮಳೆ ಹಳೇ ರೇಡಿಯೊದ ಗೊರಗೊರದಂತೆ ಕೇಳುತ್ತದಾದ್ದರಿಂದ, 6 ಕಿಲೊಹರ್ಟ್ಜ್‌ಗಿಂತ ಮೇಲಿನ ಭಾಗವನ್ನು ಅದರಲ್ಲಿ ತಗ್ಗಿಸಲಾಯಿತು.

ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಚೌಕಟ್ಟು ಎಲ್ಲಿ ನಿಲ್ಲಬೇಕು

9ನೇ ಚಿತ್ರದ ವಾಕ್ಯ ಹೀಗಿದೆ: 'ಜಗಲಿಯ ಮೂಲೆಯಲ್ಲಿ, ಕರಿ ಕೊಡೆಗಳ ರಾಶಿಯ ನಡುವೆ, ಒಂದು ಹಳದಿ ತೇಪೆ ಇಣುಕಿತು.' ಓದಲು 6.4 ಸೆಕೆಂಡು. ಜಾಗ ಮೊದಲು, ಸುತ್ತಲಿನದು ಆಮೇಲೆ, ವಸ್ತು ಕೊನೆಯ ಹತ್ತಿರ, ಅದು ಏನು ಮಾಡಿತು ಎನ್ನುವುದು ಕಟ್ಟಕಡೆಗೆ. ಕೇಳುವ ಮಗುವಿನ ಕುತೂಹಲ 'ನಡುವೆ' ಎಂಬಲ್ಲಿ ತುದಿಗೇರಿ 'ಇಣುಕಿತು' ಎಂಬಲ್ಲಿ ತೀರುತ್ತದೆ.

ಮೊದಲ ಆವೃತ್ತಿಯಲ್ಲಿ ಇಡೀ ಚಿತ್ರವನ್ನು ತೋರಿಸಿ ಅಲ್ಲಿಂದ ತೇಪೆಯ ಹತ್ತಿರಕ್ಕೆ ಹೋಗಲಾಗಿತ್ತು. ಹಳದಿ ಬಣ್ಣ ಮೊದಲ ಕ್ಷಣದಿಂದಲೇ ಕಾಣುತ್ತಿತ್ತು. ನಿರೂಪಕಿ ಮೂಲೆಯಲ್ಲಿರುವಾಗಲೇ ಮಕ್ಕಳು ತೇಪೆಗೆ ಹೋಗಿ ಕೂತಿದ್ದರು. ಒಳಕ್ಕೆ ಹೋಗುವ ಚಲನೆಯಿಂದ ಏನನ್ನೂ ಬಚ್ಚಿಡಲಾಗದು, ಅದು ಎಲ್ಲವನ್ನೂ ತೋರಿಸಿಯೇ ಶುರುವಾಗುತ್ತದೆ. ಬಚ್ಚಿಟ್ಟು ತೋರಿಸಬೇಕಾದಾಗ ಪಕ್ಕಕ್ಕೆ ಸರಿಯುವುದೇ ಸರಿ. ಜಪಾನಿನ ಕಾಮಿಶಿಬಾಯಿ ಕಥೆಗಾರರು ಮರದ ಚೌಕಟ್ಟಿನಿಂದ ಚಿತ್ರದ ಹಲಗೆಯನ್ನು ಅರ್ಧ ಮಾತ್ರ ಎಳೆದು ನಿಲ್ಲಿಸಿ, ಮಾತು ಮುಗಿಸಿ ಮಿಕ್ಕಿದ್ದನ್ನು ಎಳೆಯುವುದುಂಟು. ಕೆಲಸ ಅದೇ.

ಹೊಸ ಆವೃತ್ತಿಯಲ್ಲಿ ಚೌಕಟ್ಟನ್ನು 1.8 ಪಟ್ಟು ಹತ್ತಿರ ಇಟ್ಟು ಚಿತ್ರದ ಎಡಕ್ಕೆ ನಿಲ್ಲಿಸಲಾಯಿತು. ಅಲ್ಲಿ ಬರೀ ಕತ್ತಲು, ಕಂಬ, ಕೆಲವು ಕೊಡೆಗಳ ಹಿಡಿ. ಮೊದಲ 1.2 ಸೆಕೆಂಡು ಅದು ಅಲುಗುವುದಿಲ್ಲ. ನಂತರ 5 ಸೆಕೆಂಡಿನಲ್ಲಿ ಚೌಕಟ್ಟಿನ ಅರ್ಧ ಅಗಲದಷ್ಟು ಬಲಕ್ಕೆ ಸರಿಯುತ್ತದೆ. ಬಲ ಅಂಚಿನಿಂದ ಹೊರಗಿದ್ದ ತೇಪೆ 4.6ನೇ ಸೆಕೆಂಡಿನ ಸುಮಾರಿಗೆ, 'ಒಂದು ಹಳದಿ' ಎನ್ನುವ ಹೊತ್ತಿಗೆ ಒಳಗೆ ಬರುತ್ತದೆ. 'ಇಣುಕಿತು' ಮುಗಿಯುವಾಗ ಚೌಕಟ್ಟು ನಿಂತಿರುತ್ತದೆ. ಆಮೇಲೆ 1.6 ಸೆಕೆಂಡು ಮಾತೂ ಇಲ್ಲ, ಚಲನೆಯೂ ಇಲ್ಲ. ಈ ಬಿಡುವನ್ನು ಉಳಿಸಲು ಸಂಕಲನಕಾರರ ಕೈ ತಡೆದುಕೊಳ್ಳಬೇಕು. ಮಗು ಬೆರಳು ತೋರಿಸುವುದು ಆಗಲೇ.

14 ಚಿತ್ರಗಳಿಂದ ಒಟ್ಟು 31 ನೋಟಗಳಾದವು. ಒಂದೇ ಚಿತ್ರದಲ್ಲಿ ಒಂದು ನೋಟದಿಂದ ಇನ್ನೊಂದಕ್ಕೆ ನೆಗೆಯುವಾಗ ಎರಡರ ಗಾತ್ರದಲ್ಲಿ ಕನಿಷ್ಠ ಒಂದೂವರೆ ಪಟ್ಟು ವ್ಯತ್ಯಾಸ ಇರಬೇಕು. ಕಡಿಮೆಯಿದ್ದರೆ ವಿಡಿಯೊ ತಡವರಿಸಿದಂತೆ ಕಾಣುತ್ತದೆ. ಒಂದು ಚಿತ್ರ ಕರಗಿ ಇನ್ನೊಂದಾಗುವ ಡಿಸಾಲ್ವ್ ಅನ್ನು ಹೊತ್ತು ಬದಲಾಗುವ ಮೂರು ಕಡೆ ಮಾತ್ರ ಇಡಲಾಯಿತು. ಪುಟ್ಟಿಯ ಮುಖ ಎರಡೂ ಚಿತ್ರಗಳಲ್ಲಿದ್ದರೆ ಡಿಸಾಲ್ವ್ ನಡುವೆ ಅವಳಿಗೆ ಎರಡು ತಲೆ ಬರುತ್ತದೆ. ಚಿಕ್ಕವರು ಇದಕ್ಕೆ ಹೆದರುವುದೂ ಉಂಟು.

ನಡುಕ ಎಲ್ಲಿಂದ

ತೋಟದ ನಡುಕಕ್ಕೆ ಎರಡು ಕಾರಣಗಳಿದ್ದವು. ಒಂದು ಲೆಕ್ಕದ್ದು. 9 ಸೆಕೆಂಡಿನಲ್ಲಿ 12 ಶೇಕಡಾ ಹತ್ತಿರ ಹೋಗುವುದೆಂದರೆ, ಸೆಕೆಂಡಿಗೆ 25 ಬಿಡಿಚಿತ್ರ, ಅಂದರೆ 25 ಫ್ರೇಮಿನಂತೆ 225 ಫ್ರೇಮುಗಳಲ್ಲಿ ಎಡಬಲದ ಅಂಚುಗಳು ತಲಾ 103 ಚುಕ್ಕಿ ಒಳಗೆ ಬರಬೇಕು. ಫ್ರೇಮಿಗೆ ಅರ್ಧ ಚುಕ್ಕಿಗೂ ಕಡಿಮೆ. ತಂತ್ರಾಂಶ ಅರ್ಧ ಚುಕ್ಕಿಯನ್ನು ಪೂರ್ಣ ಸಂಖ್ಯೆಗೆ ಒತ್ತಿದರೆ ಚೌಕಟ್ಟು ಒಂದು ಫ್ರೇಮಿನಲ್ಲಿ ಹೆಜ್ಜೆಯಿಟ್ಟು ಮುಂದಿನದರಲ್ಲಿ ನಿಲ್ಲುತ್ತದೆ. ಕಣ್ಣಿಗೆ ಅದೇ ನಡುಕ. ಆಜ್ಞೆ ಬರೆದು ವಿಡಿಯೊ ಮಾಡುವ ffmpeg ತಂತ್ರಾಂಶದಲ್ಲಿ ಚೌಕಟ್ಟು ಸರಿಸುವ zoompan ಬಳಸುವವರಿಗೆ ಇದು ಹಳೇ ಕಾಟ. ಚಿತ್ರವನ್ನು ಮೊದಲು ವಿಡಿಯೊದ ಅಳತೆಯ ನಾಲ್ಕು ಪಟ್ಟಿಗೆ ಹಿಗ್ಗಿಸಿ, ಆಮೇಲೆ ಚೌಕಟ್ಟು ಸರಿಸಿದರೆ ತಪ್ಪು ಕಾಲು ಚುಕ್ಕಿಯ ಮಟ್ಟಕ್ಕೆ ಇಳಿಯುತ್ತದೆ:

```
ffmpeg -i 05.png -vf "scale=7680:4320,zoompan=z='1+0.06*(1-cos(PI*on/224))':x='(iw-iw/zoom)/2':y='(ih-ih/zoom)/2':d=225:s=1920x1080:fps=25" -c:v libx264 -pix_fmt yuv420p 05.mp4
```

ಚಿತ್ರ ಮೊದಲೇ 16:9ಕ್ಕೆ ಕತ್ತರಿಸಿದ್ದಾಗಿರಬೇಕು, ಇಲ್ಲವಾದರೆ ಪುಟ್ಟಿ ಅಡ್ಡಕ್ಕೆ ಹಿಗ್ಗುತ್ತಾಳೆ. ಆಜ್ಞೆಯಲ್ಲಿರುವ cos ಭಾಗ ಚಲನೆಯನ್ನು ಮೆಲ್ಲಗೆ ಶುರುಮಾಡಿ ಮೆಲ್ಲಗೆ ನಿಲ್ಲಿಸುತ್ತದೆ. ಅದಿಲ್ಲದೆ ಒಂದೇ ವೇಗದಲ್ಲಿ ಹೋದರೆ ಕೊನೆಯಲ್ಲಿ ಗೋಡೆಗೆ ಡಿಕ್ಕಿ ಹೊಡೆದಂತೆ ನಿಲ್ಲುತ್ತದೆ. ಆಜ್ಞೆ ಬರೆಯಲು ಇಷ್ಟವಿಲ್ಲದವರಿಗೆ ಸಂಕಲನ ತಂತ್ರಾಂಶವಾದ ಡವಿಂಚಿ ರಿಸಾಲ್ವ್‌ನ ಡೈನಾಮಿಕ್ ಝೂಮ್‌ನಲ್ಲಿ ಶುರುವಿಗೊಂದು, ಕೊನೆಗೊಂದು ಚೌಕ ಎಳೆದು, ಮೆಲ್ಲಗೆ ಶುರು, ಮೆಲ್ಲಗೆ ಕೊನೆ ಎಂಬ ಆಯ್ಕೆ ಇಟ್ಟರೆ ಇದೇ ಫಲ.

ಎರಡನೇ ಕಾರಣ ಅಡಿಕೆ ಮರಗಳೇ. ನೆಟ್ಟಗೆ ನಿಂತ, ತೆಳ್ಳಗಿನ, ಬಿಳಿಪಟ್ಟೆಯ ಕಾಂಡಗಳ ಸಾಲನ್ನು ಅಡ್ಡಲಾಗಿ ದಾಟಿದರೆ ಪ್ರತಿ ಕಾಂಡವೂ ಒಂದು ಜಾಗದಿಂದ ಇನ್ನೊಂದಕ್ಕೆ ಕುಪ್ಪಳಿಸಿದಂತೆ ಕಾಣುತ್ತದೆ. ಇದು ತಂತ್ರಾಂಶದ ದೋಷವಲ್ಲ, 25 ಫ್ರೇಮಿನ ಮಿತಿ. ಚೌಕಟ್ಟಿನ ಪೂರ್ತಿ ಅಗಲ ದಾಟಲು 10 ಸೆಕೆಂಡಾದರೂ ಕೊಟ್ಟರೆ ಸಾಮಾನ್ಯ ಚಿತ್ರಗಳಲ್ಲಿ ತೊಂದರೆಯಿಲ್ಲ, ತೋಟಕ್ಕೆ ಅದೂ ಸಾಲಲಿಲ್ಲ. ಕೊನೆಗೆ ಅಡ್ಡ ಸರಿತ ಬಿಟ್ಟು, ಕಾಂಡದ ಗುಂಟ ಸೋಗೆಯಿಂದ ಬುಡಕ್ಕೆ ಇಳಿಯುವ ಚಲನೆ ಇಟ್ಟಾಗ ನಡುಕ ಮಾಯವಾಯಿತು. ಉದ್ದ ಗೆರೆಗಳಿರುವ ಚಿತ್ರದಲ್ಲಿ ಚೌಕಟ್ಟು ಗೆರೆಗಳ ದಿಕ್ಕಿನಲ್ಲೇ ಹೋಗಬೇಕು.

ಅಕ್ಷರ ಮತ್ತು ಏರಿಸುವಿಕೆ

ಪರದೆಯ ಮೇಲಿನ ಪಠ್ಯ ಚಿತ್ರದ ಜೊತೆ ಸರಿಯಬಾರದು. ಓದಲು ಕಲಿಯುತ್ತಿರುವ ಮಗು ಓಡುವ ಅಕ್ಷರವನ್ನು ಹಿಡಿಯಲಾರದು. ಹಾಗಾಗಿ ಪಠ್ಯವನ್ನು ಬೇರೆ ಪದರವಾಗಿ ಕೆಳಗೆ ನಿಲ್ಲಿಸಲಾಯಿತು. ಕೆಲವು ವಿಡಿಯೊ ತಂತ್ರಾಂಶಗಳಲ್ಲಿ 'ಪುಟ್ಟಿ'ಯ ಟಕಾರದ ಒತ್ತು ಕಳಚಿ ಪಕ್ಕಕ್ಕೆ ನಿಲ್ಲುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಅಕ್ಷರಗಳಿಂದ ಸಾಲುಗಳನ್ನು ಬರೆದು ಹಿನ್ನೆಲೆಯಿಲ್ಲದ PNG ಮಾಡಿ ತಂದರೆ ಆ ಭಯವಿಲ್ಲ. ಎರಡು ಸಾಲುಗಳಿದ್ದಲ್ಲಿ ಅಂತರವನ್ನು ಅಕ್ಷರದ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ಇಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ದನಿಯ ಒಟ್ಟು ಮಟ್ಟವನ್ನು, ಕಿವಿಗೆ ತಟ್ಟುವ ಜೋರನ್ನು ಅಳೆಯುವ ಮಾನದಲ್ಲಿ, -14 ಎಲ್‌ಯುಎಫ್‌ಎಸ್ ಹತ್ತಿರ ಇಡಲಾಯಿತು. ಯೂಟ್ಯೂಬು ಇದಕ್ಕಿಂತ ಜೋರಾದದ್ದನ್ನು ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಸಾಮಾನ್ಯವಾಗಿ ಏರಿಸುವುದಿಲ್ಲ. ಇಂಥ ವಿಡಿಯೊವನ್ನು 'ಮಕ್ಕಳಿಗಾಗಿ ಮಾಡಿದ್ದು' ಎಂದು ಗುರುತಿಸಬೇಕೆಂಬ ನಿಯಮ ಅಲ್ಲಿದೆ. ಹಾಗೆ ಗುರುತಿಸಿದರೆ ಕಾಮೆಂಟು ಇರುವುದಿಲ್ಲ, ಕೊನೆಯಲ್ಲಿ ಬೇರೆ ವಿಡಿಯೊ ತೋರಿಸುವ ಎಂಡ್ ಸ್ಕ್ರೀನೂ ಸಿಗುವುದಿಲ್ಲ. ಅದಕ್ಕೆಂದು ಕೊನೆಗೆ ಬಿಟ್ಟಿದ್ದ 20 ಸೆಕೆಂಡಿನ ಖಾಲಿ ಜಾಗ ತೆಗೆದು, ಅಜ್ಜಿ ಕೊಡೆಯನ್ನು ಮೊಳೆಗೆ ನೇತುಹಾಕುವ ಚಿತ್ರವನ್ನು 3 ಸೆಕೆಂಡು ಹಿಡಿದು ಮುಗಿಸಲಾಯಿತು.

ಒಂದು ತಪ್ಪು ಈಗಲೂ ಉಳಿದಿದೆ. 11ನೇ ಚಿತ್ರದಲ್ಲಿ ಅರ್ಧ ಮಡಚಿದ ಕೊಡೆಗೆ ಏಳೇ ಕಡ್ಡಿ. ಕತ್ತರಿಸಿದ ಚೂರುಗಳ ಸಾಲಿನಲ್ಲಿ ಇದು ಕಂಡಿತ್ತು. ತೇಪೆ ಸರಿಯಾದ ಜಾಗದಲ್ಲಿದೆ, ನೋಟ 4 ಸೆಕೆಂಡಿನದು, ಆದ್ದರಿಂದ ಮತ್ತೆ ಬರೆಯಲಿಲ್ಲ. ಈವರೆಗೆ ಯಾವ ಮಗುವೂ ಕಡ್ಡಿ ಎಣಿಸಿಲ್ಲ.